ಸೀಸನ್ ಮಾಲು: ಮೊದಲೇ ಹೊಲಿದು ಇಡೋದಾ, ಆರ್ಡರ್ ಬಂದಂತೆ ಮಾಡೋದಾ?

ಕೇಳಿದವರು: "ನಮ್ಮದು ರೇನ್‌ಕೋಟ್ ಹೊಲಿಯುವ ಸಣ್ಣ ಘಟಕ. 20 ಜನ ಇದ್ದಾರೆ, ಒಬ್ಬರಿಗೆ ತಿಂಗಳಿಗೆ 50 ಪೀಸ್. ಮುಂದಿನ ಆರು ತಿಂಗಳ ಮಾರಾಟದ ಅಂದಾಜು 400, 400, 600, 1,400, 2,000, 1,200. ಪ್ರತಿ ತಿಂಗಳೂ ಒಂದೇ ಸಮ ಮಾಡಿ ಸ್ಟಾಕ್ ಇಡಬೇಕಾ? ಇಲ್ಲ ಮಾರಾಟ ನೋಡಿ ಜನರನ್ನು ಹೆಚ್ಚು ಕಡಿಮೆ ಮಾಡಬೇಕಾ? ಅನುಭವ ಇದ್ದವರು ಹೇಳಿ."

ಲೆಕ್ಕಪತ್ರ ನೋಡುವವರು: ಒಟ್ಟು 6,000. ಆರರಿಂದ ಭಾಗಿಸಿ, ತಿಂಗಳಿಗೆ 1,000 ಬಂತು. ನಿಮ್ಮ 20 ಜನಕ್ಕೆ ಸರಿಯಾಗಿ ಕೂತಿದೆ. ಒಂದೇ ಸಮ ಮಾಡಿ, ಬೇರೆ ಯೋಚನೆಯೇ ಬೇಡ.

ಉತ್ಪಾದನಾ ಯೋಜನೆ ಮಾಡುವವರು: ಸರ್, ನಿಮ್ಮ ಭಾಗಾಕಾರ ಇಲ್ಲಿ ಸರಿ ಬಂತು, ಯಾಕಂದ್ರೆ ಜೋರು ಮಾರಾಟ ಕೊನೆಗಿದೆ. ಅದೇ 2,000 ಮೊದಲ ತಿಂಗಳೇ ಬಂದಿದ್ದರೆ? ಆಗ ಕೈಯಲ್ಲಿ 1,000 ಮಾತ್ರ ಇರುತ್ತಿತ್ತು. ಹಾಗಾಗಿ ಸರಾಸರಿ ಸಾಲದು. ಪ್ರತಿ ತಿಂಗಳ ಕೊನೆಗೂ ಅಲ್ಲಿವರೆಗೆ ಮಾಡಿದ್ದು, ಅಲ್ಲಿವರೆಗೆ ಮಾರಿದ್ದಕ್ಕಿಂತ ಕಡಿಮೆ ಇದೆಯಾ ಅಂತ ನೋಡಲೇಬೇಕು.

ಮೇಡಂ, ನಿಮ್ಮ ಸ್ಟಾಕ್ ತಿಂಗಳ ಕೊನೆಗೆ ಹೀಗೆ ಬರುತ್ತೆ: 600, 1,200, 1,600, 1,200, 200, 0. ಗೋಡೌನ್ ತುಂಬುವುದು ಜೋರು ಮಾರಾಟದ ತಿಂಗಳಲ್ಲಲ್ಲ, ಅದಕ್ಕೆ ಮುಂಚೆ, ಮೂರನೇ ತಿಂಗಳ ಕೊನೆಗೆ. ಬಟ್ಟೆಗೆ ಹಾಕಿದ ದುಡ್ಡೂ ಆಗಲೇ ಅತಿ ಹೆಚ್ಚು ಸಿಕ್ಕಿಕೊಂಡಿರುತ್ತೆ.

ಆ ಅಂಕಿಗಳನ್ನೆಲ್ಲ ಕೂಡಿಸಿದರೆ 4,800. ಒಂದು ಪೀಸ್ ಒಂದು ತಿಂಗಳು ಇಟ್ಟುಕೊಳ್ಳಲು ತಯಾರಿ ಖರ್ಚಿನ ಶೇ. 2 ಆಗುತ್ತೆ ಅಂದುಕೊಳ್ಳಿ. ಆಗ ಸ್ಟಾಕ್ ಇಟ್ಟ ಖರ್ಚು 96 ಪೀಸ್ ತಯಾರಿಸುವ ಖರ್ಚಿಗೆ ಸಮ.

ಇನ್ನು ಮಾರಾಟದ ಹಿಂದೆ ಓಡುವ ದಾರಿ. ಮೊದಲ ತಿಂಗಳು 8 ಜನ ಸಾಕು, ಅಂದರೆ 12 ಜನರನ್ನು ಬಿಡಬೇಕು. ಆಮೇಲೆ 4, 16, 12 ಅಂತ 32 ಜನರನ್ನು ತರಬೇಕು. ಹೊಸಬರ ಕೈ ಕುದುರುವಷ್ಟರಲ್ಲಿ ಅರ್ಧ ತಿಂಗಳ ಕೆಲಸ ಹೋದರೂ ಒಬ್ಬರಿಂದ 25 ಪೀಸ್, ಒಟ್ಟು 800. ಪೀಸಿನ ಖರ್ಚಲ್ಲಿ ಕೂಲಿ ಐದರಲ್ಲೊಂದು ಪಾಲು ಅಂದರೂ 160 ಪೀಸಿನ ಖರ್ಚು. ಕೆಟ್ಟ ಹೊಲಿಗೆಯ ಲೆಕ್ಕ ಬೇರೆ. ಬಿಟ್ಟು ಕಳಿಸಿದ ಒಳ್ಳೆ ಟೈಲರ್ ಮತ್ತೆ ಬರುತ್ತಾರೆ ಅನ್ನೋ ಖಾತ್ರಿ ಇಲ್ಲ. ಶೇ. 2, ಅರ್ಧ ತಿಂಗಳು, ಐದರಲ್ಲೊಂದು: ಈ ಮೂರು ಕಡೆ ನಿಮ್ಮ ಅಂಕಿ ಹಾಕಿ ನೋಡಿ.

ಡೈರಿ ಪ್ರಿಂಟ್ ಮಾಡುವವರು: ನಾವು ಮೊದಲೇ ಮಾಡಿಟ್ಟು ಕೈ ಸುಟ್ಟುಕೊಂಡಿದ್ದೇವೆ. ವರ್ಷ ತಿರುಗಿದ ಮೇಲೆ ಉಳಿದ ಡೈರಿ ರದ್ದಿಗೆ ಹೋಯ್ತು. ಸ್ಟಾಕ್ ಮಾಡಲೇಬೇಡಿ.

ಉತ್ಪಾದನಾ ಯೋಜನೆ ಮಾಡುವವರು: ಡೈರಿಯ ಮೇಲೆ ವರ್ಷ ಅಚ್ಚಾಗಿರುತ್ತೆ, ಅಲ್ವಾ. ರೇನ್‌ಕೋಟ್ ಮುಂದಿನ ಮಳೆಗೂ ಆಗುತ್ತೆ. ಆದರೂ ನಿಮ್ಮ ಮಾತಲ್ಲಿ ಹುರುಳಿದೆ. ಯಾವುದು ಖಂಡಿತ ಮಾರಾಟ ಆಗುತ್ತೋ ಅದನ್ನೇ ಮೊದಲು ಮಾಡಬೇಕು. ಕಪ್ಪು ಬಣ್ಣದ ಮಾಮೂಲಿ ಸೈಜ್ ಮೊದಲ ಮೂರು ತಿಂಗಳಲ್ಲಿ ಹೊಲಿದಿಡಿ. ಹೊಸ ಬಣ್ಣ, ಮಕ್ಕಳ ಡಿಸೈನ್ ಆರ್ಡರ್ ಬರುವ ತಿಂಗಳಿಗೆ ಬಿಡಿ.

ಗೋಡೌನ್ ನೋಡಿಕೊಂಡಿದ್ದವಳು: ನಾನೂ ಇದೇ ಮಾಲಿನ ಗೋಡೌನಲ್ಲಿದ್ದೆ. ಬಿಸಿಲಿಗೆ ಕಾದ ತಗಡಿನ ಚಾವಣಿ ಕೆಳಗೆ ಎದೆ ಮಟ್ಟ ಒಟ್ಟಿದ್ದೆವು. ಮಳೆ ಶುರುವಾದಾಗ ಕೆಳಗಿನ ಬಂಡಲ್ ಬಿಚ್ಚಿದರೆ ಪಿವಿಸಿ ಪದರ ಒಂದಕ್ಕೊಂದು ಅಂಟಿತ್ತು. ಎಳೆದರೆ ಚರ್ ಅಂತ ಸದ್ದು, ಮಡಿಕೆಯಲ್ಲಿ ಬಿಳಿ ಗೆರೆ. ಎರಡು ವಾರಕ್ಕೊಮ್ಮೆ ಅಡಿಯ ಒಂದು ಪೀಸ್ ತೆಗೆದು, ಮಡಿಕೆ ಬಿಡಿಸಿ ನೋಡಿ. ಸ್ವಲ್ಪ ಜಿಗುಟು ಅನ್ನಿಸಿದರೂ ರಾಶಿ ತಗ್ಗಿಸಿ. ಹಳೆ ಬಂಡಲ್ ಮೊದಲು ಹೊರಗೆ ಹೋಗಲಿ.

ಕೇಳಿದವರು: ತುಂಬಾ ಉಪಕಾರ ಆಯ್ತು. ನಮ್ಮ ಗೋಡೌನ್ ಹಿಡಿಯುವುದೇ 1,200. ಆಗ ಏನು ಮಾಡೋದು?

ಉತ್ಪಾದನಾ ಯೋಜನೆ ಮಾಡುವವರು: ಹಾಗಾದರೆ ಮೊದಲೆರಡು ತಿಂಗಳು 1,000, ಮೂರನೇ ತಿಂಗಳು 600 ಮಾತ್ರ ಹೊಲಿಯಿರಿ. ಸ್ಟಾಕ್ 1,200ಕ್ಕೇ ನಿಲ್ಲುತ್ತೆ. ಬಾಕಿ 400 ಪೀಸಿಗೆ ಬಟ್ಟೆ ಕತ್ತರಿಸಿ ಕಟ್ಟಿಡಿ. ಚಪ್ಪಟೆಯಾಗಿ ಕೂರುತ್ತೆ, ಜಾಸ್ತಿ ಜಾಗ ಬೇಡ. ಐದನೇ, ಆರನೇ ತಿಂಗಳು ದಿನದ ಕೆಲಸದ ಮೇಲೆ ಓವರ್‌ಟೈಮಲ್ಲಿ ತಲಾ 200 ಹೊಲಿಯಿರಿ. ಕತ್ತರಿಸಿದ ಮೇಲೆ ಸೈಜ್ ಬದಲಾಗಲ್ಲ, ಅದಕ್ಕೆ ಮಾಮೂಲಿ ಸೈಜೇ ಇರಲಿ.

ಒಂದು ಎಚ್ಚರಿಕೆ. ಐದನೇ ತಿಂಗಳ ಕೊನೆಗೆ ಸ್ಟಾಕ್ ಸೊನ್ನೆ. ಅಂದಾಜು ನೂರು ಪೀಸ್ ತಪ್ಪಿದರೂ ಆರ್ಡರ್ ಕೈ ತಪ್ಪುತ್ತೆ. ಮೂರನೇ ತಿಂಗಳ ಕೊನೆಗೆ ಮಾರಿದ್ದು 1,400 ಆಗಿದೆಯಾ ನೋಡಿ. 1,600 ದಾಟಿದ್ದರೆ ನಾಲ್ಕನೇ ತಿಂಗಳಿಂದಲೇ ಓವರ್‌ಟೈಮ್ ಶುರು ಮಾಡಿ. 1,200ಕ್ಕಿಂತ ಕಡಿಮೆ ಇದ್ದರೆ ಹೊಸ ಬಟ್ಟೆ ತರಿಸುವುದನ್ನು ತಡೆಯಿರಿ.

ಲೆಕ್ಕಪತ್ರ ನೋಡುವವರು: ಮೂರನೇ ತಿಂಗಳು 600 ಪೀಸಿಗೆ 20 ಜನರ ಸಂಬಳ ಕೊಡಬೇಕಲ್ಲ. ಆಮೇಲೆ ಓವರ್‌ಟೈಮ್ ಬೇರೆ. ಅದರ ಬದಲು ಒಂದೆರಡು ತಿಂಗಳು ಹೊರಗೆ ಬಾಡಿಗೆ ಗೋಡೌನ್ ಹಿಡಿದರೆ ಅಗ್ಗ ಆಗಲ್ವಾ?

ಉತ್ಪಾದನಾ ಯೋಜನೆ ಮಾಡುವವರು: ಆಗಬಹುದು ಸರ್. ಬಾಡಿಗೆ, ಸಾಗಣೆ ಎರಡನ್ನೂ ಆ ಸಂಬಳದ ಎದುರು ಇಟ್ಟು ತೂಗಬೇಕು. ಮೇಡಂ, ಹತ್ತಿರದಲ್ಲಿ ಬಾಡಿಗೆಗೆ ಸಿಗುವ ಜಾಗ ಒಣಗಿದ್ದು, ತಂಪಾಗಿದೆಯಾ?

ಕೇಳಿದವರು: ಒಂದಿದೆ, ಆದರೆ ಅದೂ ತಗಡಿನ ಚಾವಣಿಯೇ. ನಾಳೆ ಹೋಗಿ ನೋಡಿ ಬರ್ತೀನಿ.