ಗುಡ್ಡದ ಗ್ರಾಫು: ಬಾಣ ಎಲ್ಲಿಂದ ಎಲ್ಲಿಗೆ

«ಮಾವ, ಎಕ್ಸೋಥರ್ಮಿಕ್ ಗ್ರಾಫಲ್ಲಿ ಆಕ್ಟಿವೇಷನ್ ಎನರ್ಜಿ ಬಾಣ ಕೆಳಗಿನ ಗೆರೆಯಿಂದ ಹಾಕ್ಬೇಕಾ, ಮಧ್ಯದಿಂದ ಹಾಕ್ಬೇಕಾ? ಕ್ಯಾಟಲಿಸ್ಟ್ ಹಾಕಿದ್ರೆ ΔH ಕೂಡ ಕಮ್ಮಿ ಆಗತ್ತಾ? ಎಂಡೋಥರ್ಮಿಕ್ ಅಂದ್ರೆ ಅದನ್ನೇ ಉಲ್ಟಾ ಬರೆಯೋದಾ? ನಾಡಿದ್ದು ಟೆಸ್ಟು.»

ಪುಟ್ಟಿ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತೀನಿ. ಒಂದು ಗ್ರಾಫ್ ಹಾಳೆ, ಸ್ಕೇಲು, ಎರಡು ಬಣ್ಣದ ಪೆನ್ನು ತಗೊಂಡು ಕೂತ್ಕೋ. ಉಳಿದೋರು ಬೇಜಾರ್ ಮಾಡ್ಕೋಬೇಡಿ, ಮೆಸೇಜು ಸ್ವಲ್ಪ ಉದ್ದ ಇದೆ.

ಮೊದಲು ಬಾಣದ ವಿಷಯ. ಈ ಚಿತ್ರದಲ್ಲಿ ಲೆಕ್ಕಕ್ಕೆ ಬರೋದು ಮೂರೇ ಎತ್ತರ. ಹೊರಡೋ ಮಟ್ಟ, ಅಂದ್ರೆ ರಿಯಾಕ್ಟೆಂಟ್ಸ್ ಇರೋ ಗೆರೆ. ಗುಡ್ಡದ ತುದಿ. ಮುಟ್ಟೋ ಮಟ್ಟ, ಅಂದ್ರೆ ಪ್ರಾಡಕ್ಟ್ಸ್ ಗೆರೆ. ಆಕ್ಟಿವೇಷನ್ ಎನರ್ಜಿ ಯಾವಾಗಲೂ ಹೊರಡೋ ಮಟ್ಟದಿಂದ ತುದಿವರೆಗೆ. ΔH ಯಾವಾಗಲೂ ಹೊರಡೋ ಮಟ್ಟದಿಂದ ಮುಟ್ಟೋ ಮಟ್ಟದವರೆಗೆ, ಅದಕ್ಕೂ ತುದಿಗೂ ಸಂಬಂಧವೇ ಇಲ್ಲ. ಕೆಳಗಿನ ಅಡ್ಡ ಅಕ್ಷದಿಂದ ಯಾವ ಬಾಣವೂ ಹೊರಡಲ್ಲ, ಯಾಕಂದ್ರೆ ಆ ಸೊನ್ನೆ ನಾವು ಅನುಕೂಲಕ್ಕೆ ಇಟ್ಕೊಂಡಿರೋದು. ನೀನು ಇಡೀ ಚಿತ್ರವನ್ನ ಎರಡು ಸೆಂಟಿಮೀಟರ್ ಮೇಲಕ್ಕೆ ತಳ್ಳಿ ಬರೆದ್ರೂ ಉತ್ತರ ಬದಲಾಗಬಾರದು. ಅಕ್ಷದಿಂದ ಬಾಣ ಎಳೆದಿದ್ರೆ ಬದಲಾಗಿಬಿಡತ್ತೆ. ನಿನ್ನ ಬಾಣ ಸರಿಯಾಗಿದೆಯಾ ಅಂತ ಹೀಗೆ ನೀನೇ ನೋಡ್ಕೋಬಹುದು.

ಈಗ ನಿಜವಾದ ಒಂದು ಕ್ರಿಯೆ ಹಿಡಿಯೋಣ, ಹೈಡ್ರೋಜನ್ ಪೆರಾಕ್ಸೈಡು. ಗಾಯ ತೊಳೆಯೋಕೆ ಮೆಡಿಕಲ್ ಶಾಪಲ್ಲಿ ಕೊಡ್ತಾರಲ್ಲ, ಅದೇ. 2H2O2 → 2H2O + O2. ನೀರಲ್ಲಿ ಕರಗಿರೋ ಪೆರಾಕ್ಸೈಡು ಹೀಗೆ ಒಡೆದಾಗ ಈ ಸಮೀಕರಣಕ್ಕೆ ಸುಮಾರು 190 ಕಿಲೋಜೂಲ್ ಶಾಖ ಹೊರಗೆ ಬರತ್ತೆ. ಪುಸ್ತಕದಲ್ಲಿ 196 ಅಂತ ಇದ್ರೆ ಗಾಬರಿ ಬೀಳಬೇಡ, ಅದು ನೀರು ಬೆರೆಸದ ಶುದ್ಧ ದ್ರವದ ಲೆಕ್ಕ. ಏನೂ ಬೆರೆಸದೆ ಒಡೆಯೋಕೆ ಬೇಕಾದ ಆಕ್ಟಿವೇಷನ್ ಎನರ್ಜಿ ಸುಮಾರು 75. ಅಯೊಡೈಡ್ ಬೆರೆಸಿದ್ರೆ ಅದು ಸುಮಾರು 57ಕ್ಕೆ ಇಳಿಯತ್ತೆ.

ಹಾಳೆ ಮೇಲೆ 1 ಸೆಂಟಿಮೀಟರ್ ಅಂದ್ರೆ 20 ಕಿಲೋಜೂಲ್ ಅಂತ ಇಟ್ಕೋ. ಬಲಗಡೆ, ಅಡ್ಡ ಅಕ್ಷದಿಂದ 1 ಸೆಂಟಿಮೀಟರ್ ಎತ್ತರದಲ್ಲಿ ಪ್ರಾಡಕ್ಟ್ಸ್ ಗೆರೆ. ಎಡಗಡೆ 10.5 ಸೆಂಟಿಮೀಟರಲ್ಲಿ ರಿಯಾಕ್ಟೆಂಟ್ಸ್ ಗೆರೆ. ನಡುವಿನ ಅಂತರ 9.5, ಅಂದ್ರೆ 190 ಕಿಲೋಜೂಲ್. ಬಾಣದ ಮೊನೆ ಕೆಳಮುಖವಾಗಿರಲಿ, ಪಕ್ಕದಲ್ಲಿ ಮೈನಸ್ ಚಿಹ್ನೆ ಇರಲಿ. ಗುಡ್ಡದ ತುದಿ 14.25ರಲ್ಲಿ, ಅಂದ್ರೆ ಹೊರಡೋ ಗೆರೆಯಿಂದ 3.75 ಮೇಲಕ್ಕೆ. ಎಡಗಡೆ ಗೆರೆಯನ್ನ ಚುಕ್ಕಿ ಚುಕ್ಕಿಯಾಗಿ ಗುಡ್ಡದ ಕೆಳಗಿನವರೆಗೂ ಎಳ್ಕೋ. ಆ ಚುಕ್ಕಿಗೆರೆಯಿಂದ ತುದಿಗೆ ನೆಟ್ಟಗೆ ಬಾಣ ಹಾಕು. ಅದೇ Ea. ತುಂಬಾ ಜನ ಚುಕ್ಕಿಗೆರೆ ಎಳೆಯಲ್ಲ, ಬಾಣ ಬಲಗಡೆ ಪ್ರಾಡಕ್ಟ್ಸ್ ಗೆರೆಯಿಂದ ಹತ್ತಿಬಿಡತ್ತೆ. ಆಗ ಅಳತೆ 265 ಬರತ್ತೆ, ಅದು ವಾಪಸ್ ಹೋಗೋ ದಾರಿಯ ಎತ್ತರ.

ನೀನು ಕೇಳಿದ ಎರಡನೇದು. ಕ್ಯಾಟಲಿಸ್ಟಿನ ಗೆರೆಯನ್ನ ಬೇರೆ ಬಣ್ಣದಲ್ಲಿ ಬರಿ. ಹೊರಡೋದೂ ಅದೇ 10.5, ಮುಟ್ಟೋದೂ ಅದೇ 1. ತುದಿ ಮಾತ್ರ 13.35. ΔH ಒಂದು ಎಳೆಯಷ್ಟೂ ಅಲ್ಲಾಡಲ್ಲ. ಯಾಕೆ ಅಂತ ಅಯೊಡೈಡೇ ಚೆನ್ನಾಗಿ ತೋರಿಸತ್ತೆ. ಅದು ಎರಡು ಹೆಜ್ಜೆಯಲ್ಲಿ ಕೆಲಸ ಮಾಡತ್ತೆ:

H2O2 + I⁻ → H2O + IO⁻
IO⁻ + H2O2 → H2O + O2 + I⁻

ಎರಡನ್ನೂ ಕೂಡಿಸು. ಮೊದಲು ಹಾಕಿದ I⁻ ಕೊನೇಲಿ ಹಾಗೇ ಹೊರಗೆ ಬಂತು. ಎಡಗಡೇನೂ ಅದಿದೆ, ಬಲಗಡೇನೂ ಅದಿದೆ, ಹಾಗಾಗಿ ಎರಡು ಮಟ್ಟದ ನಡುವಿನ ಅಂತರಕ್ಕೆ ಅದರಿಂದ ಏನೂ ಸೇರಲ್ಲ, ಏನೂ ಕಳೆಯಲ್ಲ. ದಾರಿ ಬೇರೆ, ಅಷ್ಟೇ.

ಇದರಿಂದ ಇನ್ನೊಂದು ವಿಷಯ ಗೊತ್ತಾಗತ್ತೆ. ನಿಮ್ಮ ಪುಸ್ತಕದಲ್ಲಿ ಕ್ಯಾಟಲಿಸ್ಟ್ ಗೆರೆಯನ್ನ ಒಂದೇ ಗುಡ್ಡ, ಸ್ವಲ್ಪ ಕುಳ್ಳು ಅನ್ನೋ ಹಾಗೆ ಬರೆದಿರ್ತಾರೆ. ಅಂಕಕ್ಕೆ ಅಷ್ಟು ಸಾಕು. ಆದ್ರೆ ಅಯೊಡೈಡ್ ವಿಷಯದಲ್ಲಿ ಸರಿಯಾದ ಚಿತ್ರ ಎರಡು ಗುಡ್ಡದ್ದು. ನಡುವಿನ ತಗ್ಗಿನಲ್ಲಿ IO⁻ ಇರತ್ತೆ. ಮೊದಲನೇ ಹೆಜ್ಜೆ ನಿಧಾನ, ಹಾಗಾಗಿ ಎತ್ತರದ ತುದಿ ಮೊದಲನೇದು, ಆ 57 ಅಳೆಯೋದು ಅಲ್ಲಿಗೇ. ತಗ್ಗನ್ನ ಗುಡ್ಡದ ತುದಿ ಅಂತ ಓದಬೇಡ. ತುದಿಯಲ್ಲಿರೋದು ಟ್ರಾನ್ಸಿಷನ್ ಸ್ಟೇಟು, ಅದನ್ನ ಬಾಟಲಿಯಲ್ಲಿ ಹಿಡಿದಿಡೋಕಾಗಲ್ಲ. ತಗ್ಗಲ್ಲಿರೋದು ಇಂಟರ್ಮೀಡಿಯೆಟ್, ಸ್ವಲ್ಪ ಹೊತ್ತಾದ್ರೂ ನಿಜವಾಗಿ ಇರೋ ವಸ್ತು. ಈ ವ್ಯತ್ಯಾಸ ಕೇಳಿದ್ರೆ ಇಷ್ಟೇ ಬರಿ.

ΔH ಬದಲಾಗಲ್ಲ ಅನ್ನೋದನ್ನ ಥರ್ಮಾಮೀಟರಲ್ಲೂ ನೋಡಬಹುದು, ಆದ್ರೆ ಅಲ್ಲೇ ಎಲ್ಲರೂ ಎಡವೋದು. 3% ದ್ರಾವಣ ಪೂರ್ತಿ ಒಡೆದು, ಶಾಖ ಎಲ್ಲೂ ಸೋರದಿದ್ರೆ, ಲೆಕ್ಕಕ್ಕೆ ಸುಮಾರು 20 ಡಿಗ್ರಿ ಬಿಸಿ ಏರಬೇಕು. ಒಂದು ಲೋಟಕ್ಕೆ ತುಂಬಾ ಚುರುಕಾದ ಕ್ಯಾಟಲಿಸ್ಟ್ ಹಾಕಿದ್ರೆ ಬುಸ್ ಅಂತ ನೊರೆ ಬಂದು ಬಿಸಿ ಬೇಗ ಏರತ್ತೆ. ಇನ್ನೊಂದಕ್ಕೆ ಮಂದವಾದದ್ದು ಹಾಕಿದ್ರೆ ಗಂಟೆಗಟ್ಟಲೆ ನಿಧಾನಕ್ಕೆ ಗುಳ್ಳೆ ಬರತ್ತೆ. ಅಷ್ಟರಲ್ಲಿ ಶಾಖ ಗಾಜಿಗೆ, ಗಾಳಿಗೆ ಹೋಗಿಬಿಟ್ಟು ಥರ್ಮಾಮೀಟರ್ ನಾಲ್ಕೋ ಐದೋ ಡಿಗ್ರಿ ತೋರಿಸಿ ನಿಂತ್ಕೊಳತ್ತೆ. ನೋಡಿದೋರು «ಓ, ಇದರಲ್ಲಿ ΔH ಕಮ್ಮಿ» ಅಂತಾರೆ. ಕಮ್ಮಿಯಾಗಿಲ್ಲ, ಸೋರಿಹೋಗಿದೆ. ಥರ್ಮೋಕೋಲ್ ಕಪ್ಪಲ್ಲಿ, ಮೇಲೆ ಮುಚ್ಚಳ ಸಡಿಲವಾಗಿಟ್ಟು ಮಾಡಿದ್ರೆ ವ್ಯತ್ಯಾಸ ಕಿರಿದಾಗತ್ತೆ. ಗಟ್ಟಿ ಮುಚ್ಚಬೇಡ, ಆಕ್ಸಿಜನ್ ತುಂಬಿ ಸಿಡಿಯತ್ತೆ. ಮನೇಲಿ ನೋಡೋಕೆ ಹಸಿ ಆಲೂಗಡ್ಡೆ ಚೂರು ಸಾಕು, ಅದರಲ್ಲಿ ಕ್ಯಾಟಲೇಸ್ ಅನ್ನೋ ಎಂಜೈಮ್ ಇದೆ. ಬೇಯಿಸಿದ ಆಲೂಗಡ್ಡೆ ಹಾಕಿದ್ರೆ ಹೆಚ್ಚೇನೂ ಆಗಲ್ಲ, ಬಿಸಿಗೆ ಎಂಜೈಮು ಕೆಟ್ಟಿರತ್ತೆ. ಮೆಡಿಕಲ್ ಶಾಪಿನ ತೆಳು ದ್ರಾವಣ ಬಿಟ್ಟು ಗಾಢವಾದದ್ದನ್ನ ಮುಟ್ಟಬೇಡ, ಚರ್ಮ ಸುಡತ್ತೆ.

75ರಿಂದ 57 ಅಂದ್ರೆ ಬರೀ 18 ತಾನೇ, ಹಾಳೆ ಮೇಲೆ ಒಂದು ಸೆಂಟಿಮೀಟರೂ ಇಲ್ಲ, ಅಷ್ಟಕ್ಕೆ ಯಾಕಿಷ್ಟು ಗದ್ದಲ ಅನ್ನಿಸಬಹುದು. ಆರ್ಹೀನಿಯಸ್ ಸಮೀಕರಣದಲ್ಲಿ Ea ಇರೋದು ಘಾತದಲ್ಲಿ. 18000ನ್ನ 8.314 × 298ರಿಂದ ಭಾಗಿಸು, ಸುಮಾರು 7.27. e ಯ ಘಾತ 7.27 ಅಂದ್ರೆ ಹತ್ತಿರ ಹತ್ತಿರ 1,400. A ಎರಡಕ್ಕೂ ಒಂದೇ ಅಂತ ಇಟ್ಕೊಂಡ್ರೆ ವೇಗ ಸುಮಾರು 1,400 ಪಟ್ಟು. A ನಿಜವಾಗಿ ಒಂದೇ ಇರಲ್ಲ, ಅಯೊಡೈಡ್ ಎಷ್ಟು ಬೆರೆಸಿದೀವಿ ಅನ್ನೋದೂ ಸೇರತ್ತೆ, ಆದ್ರೂ ಅಂದಾಜಿಗೆ ಇದು ಸಾಕು. ಇದೇ ವೇಗವನ್ನ ಕ್ಯಾಟಲಿಸ್ಟ್ ಇಲ್ಲದೆ ಬರೀ ಬಿಸಿ ಮಾಡಿ ತರಬೇಕು ಅಂದ್ರೆ 57/298 = 75/T ಅಂತ ಬರಿ. T ಸುಮಾರು 392 ಕೆಲ್ವಿನ್, ಅಂದ್ರೆ 119 ಡಿಗ್ರಿ ಸೆಲ್ಸಿಯಸ್. ತೆರೆದ ಪಾತ್ರೆಯಲ್ಲಿ ಅಷ್ಟು ಹೊತ್ತಿಗೆ ನೀರು ಕುದಿದೇ ಹೋಗಿರತ್ತೆ. ಇನ್ನೊಂದು ಗಮನಿಸು: ಬಿಸಿ ಮಾಡಿದ್ರೆ ಗುಡ್ಡ ಕುಳ್ಳಾಗಲ್ಲ, ಅದನ್ನ ದಾಟೋ ಶಕ್ತಿ ಇರೋ ಅಣುಗಳು ಜಾಸ್ತಿಯಾಗ್ತವೆ. ಗುಡ್ಡವನ್ನೇ ಬದಲಾಯಿಸೋದು ಕ್ಯಾಟಲಿಸ್ಟು. ಟೆಸ್ಟಲ್ಲಿ ಇವೆರಡನ್ನ ಕಲಸಿ ಬರೆದ್ರೆ ಅಂಕ ಹೋಗತ್ತೆ.

ಕೊನೇದು, ಎಂಡೋಥರ್ಮಿಕ್. «ಉಲ್ಟಾ ಬರೆಯೋದು» ಅನ್ನೋದು ಅರ್ಧ ಸರಿ. ಹಾಳೆ ತಲೆಕೆಳಗು ಮಾಡಬಾರದು, ಗುಡ್ಡ ಹೋಗಿ ಹಳ್ಳ ಆಗಿಬಿಡತ್ತೆ. ಎಡ-ಬಲ ಅದಲು ಬದಲು ಮಾಡಬೇಕು. ಗುಡ್ಡ ಎರಡರಲ್ಲೂ ಇದ್ದೇ ಇದೆ, ಮುಟ್ಟೋ ಮಟ್ಟ ಮಾತ್ರ ಹೊರಟ ಮಟ್ಟಕ್ಕಿಂತ ಮೇಲಿರತ್ತೆ.

ಇದಕ್ಕೆ 2HI → H2 + I2 ತಗೋ, ಎಲ್ಲವೂ ಅನಿಲ. ಆಕ್ಟಿವೇಷನ್ ಎನರ್ಜಿ ಸುಮಾರು 184, ΔH ಸುಮಾರು +9. ಅದೇ ಅಳತೆಯಲ್ಲಿ ಬರೆದ್ರೆ ಗುಡ್ಡ 9.2 ಸೆಂಟಿಮೀಟರ್, ಎಡ-ಬಲ ಗೆರೆಗಳ ವ್ಯತ್ಯಾಸ ಅರ್ಧ ಸೆಂಟಿಮೀಟರೂ ಇಲ್ಲ! ಪುಸ್ತಕದ ಚಿತ್ರ ನೋಡಿ ಎಂಡೋಥರ್ಮಿಕ್ ಅಂದ್ರೆ ಬಲಗಡೆ ತುಂಬಾ ಎತ್ತರ ಇರಲೇಬೇಕು ಅಂದ್ಕೊಂಡಿರೋರಿಗೆ ಇದನ್ನ ತೋರಿಸಬೇಕು. ಗುಡ್ಡದ ಎತ್ತರ ವೇಗದ ವಿಷಯ ಹೇಳತ್ತೆ, ಎರಡು ಗೆರೆಗಳ ಅಂತರ ಶಾಖದ ವಿಷಯ ಹೇಳತ್ತೆ. ಒಂದನ್ನ ನೋಡಿ ಇನ್ನೊಂದನ್ನ ಊಹಿಸೋಕಾಗಲ್ಲ.

ವಾಪಸ್ ಬರೋ ಕ್ರಿಯೆಗೆ, ಅಂದ್ರೆ H2 + I2 ಸೇರಿ HI ಆಗೋಕೆ, 184 − 9 = 175. ಚಿನ್ನದ ಮೇಲ್ಮೈ ಮೇಲೆ ಮುಂದಿನ ಕ್ರಿಯೆಯ 184 ಸುಮಾರು 105ಕ್ಕೆ ಇಳಿಯತ್ತೆ. ಆಗ ವಾಪಸ್ ದಾರಿ 96. ಎರಡೂ ಕಡೆ ಇಳಿದದ್ದು 79, ಸಮಸಮ. ಅದಕ್ಕೇ ಕ್ಯಾಟಲಿಸ್ಟ್ ಹಾಕಿದ್ರೆ ಈಕ್ವಿಲಿಬ್ರಿಯಂ ಬೇಗ ಬರತ್ತೆ, ಆದ್ರೆ ಜಾಗ ಬದಲಾಗಲ್ಲ.

ಎಂಡೋಥರ್ಮಿಕಲ್ಲಿ ಒಂದು ಕಟ್ಟುಪಾಡಿದೆ: Ea ಯಾವತ್ತೂ ΔH ಗಿಂತ ಕಮ್ಮಿ ಇರೋಕಾಗಲ್ಲ, ಮುಟ್ಟಬೇಕಾದ ಮಟ್ಟವೇ ಅಷ್ಟು ಮೇಲಿದೆಯಲ್ಲ. ಒಂದೇ ಹೆಜ್ಜೆಯ ಕ್ರಿಯೆಯಲ್ಲಿ ΔH +40, ವಾಪಸ್ ಕ್ರಿಯೆಯ Ea 30 ಅಂತ ಕೊಟ್ರೆ ಮುಂದಿನದು 70. ಗಡಿಬಿಡಿಯಲ್ಲಿ ಕಳೆದು 10 ಅಂತ ಬರೆದಿದ್ರೆ, 10 ಅನ್ನೋದು 40ಕ್ಕಿಂತ ಕಮ್ಮಿ, ಅಲ್ಲೇ ತಪ್ಪು ಸಿಕ್ಕಿಬೀಳತ್ತೆ.

ಹಾಂ, ಅಡ್ಡ ಅಕ್ಷಕ್ಕೆ «ಸಮಯ» ಅಂತ ಬರೀಬೇಡ, «ಕ್ರಿಯೆಯ ಪ್ರಗತಿ» ಅಂತ ಬರಿ. ಅಗಲವಾದ ಗುಡ್ಡ ಅಂದ್ರೆ ನಿಧಾನದ ಕ್ರಿಯೆ ಅಂತಲ್ಲ, ಅಗಲಕ್ಕೆ ಇಲ್ಲಿ ಅರ್ಥವೇ ಇಲ್ಲ. ಎರಡೂ ಚಿತ್ರ ಬರೆದು ಫೋಟೋ ಗ್ರೂಪಿಗೇ ಹಾಕು, ಬಾಣದ ಎರಡೂ ತುದಿ ಕಾಣೋ ಹಾಗೆ. ರಾತ್ರಿ ಊಟ ಆದ್ಮೇಲೆ ನೋಡ್ತೀನಿ.