ಅಪ್‌ಡೇಟ್: ಬಾವಿಯ ನೀರು, ತಡವಾಗಿ ತಲುಪುವ ಮಳೆ

ನನ್ನ ಪ್ರಶ್ನೆ: "ತೋಟದ ತೆರೆದ ಬಾವಿಯ ನೀರಿನ ಮಟ್ಟವನ್ನು ಈ ತಿಂಗಳ ಮತ್ತು ಹಿಂದಿನ ಐದು ತಿಂಗಳ ಮಳೆಯಿಂದ ಅಂದಾಜಿಸುತ್ತಿದ್ದೇನೆ. ಎರಡು ತಿಂಗಳ ಹಿಂದಿನ ಮಳೆಯ ಗುಣಾಂಕ ಋಣಾತ್ಮಕವಾಗಿದೆ. ಮಳೆ ಬಂದರೆ ನೀರು ಇಳಿಯುತ್ತದೆಯೇ?"

ಇಳಿಯುವುದಿಲ್ಲ, ಎಡವಿದ್ದು ನಾನು. ಮಳೆಗಾಲದ ತಿಂಗಳುಗಳು ಜೊತೆಜೊತೆಗೇ ಬರುತ್ತವೆ. ಆರು ಗುಣಾಂಕಗಳನ್ನೂ ಅವುಗಳ ಪಾಡಿಗೆ ಬಿಟ್ಟರೆ ಯಾವ ತಿಂಗಳ ಪಾಲು ಎಷ್ಟೆಂದು ಬಿಡಿಸಲಾಗದೆ ಒಂದು ಉಬ್ಬುತ್ತದೆ, ಪಕ್ಕದ್ದು ಸೊನ್ನೆಗಿಂತ ಕೆಳಗೆ ಜಾರುತ್ತದೆ. ಒಂದು ವರ್ಷದ ಅಂಕಿಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ: ಚಿಹ್ನೆಗಳು ತಿರುಗಿದವು, ಆರರ ಮೊತ್ತ ಮಾತ್ರ ಹೆಚ್ಚು ಕದಲಲಿಲ್ಲ. ಅಲ್ಲೇ ಕಾಯಿಲೆ ಗೊತ್ತಾಯಿತು.

ಅರ್ಥಶಾಸ್ತ್ರಜ್ಞೆ ಶರ್ಲಿ ಆಲ್ಮನ್ 1965ರಲ್ಲಿ ತೋರಿಸಿದ ದಾರಿ ಹಿಡಿದು, ಗುಣಾಂಕಗಳನ್ನು ಒಂದೇ ವಕ್ರರೇಖೆಯ ಮೇಲೆ ಕೂರಿಸಿದೆ:

```
b_i = a0 + a1*i + a2*i^2    (i = 0..5)
```

ಇಲ್ಲಿ b_i ಎಂದರೆ i ತಿಂಗಳ ಹಿಂದಿನ ಮಳೆಯ ಗುಣಾಂಕ. ಆರರ ಬದಲು a0, a1, a2 ಎಂಬ ಮೂರನ್ನು ಅಂದಾಜಿಸಿದರೆ ಸಾಕು. ಈಗ ಅದೇ ತಿಂಗಳ ಮಳೆಯ ಪ್ರಭಾವ ಚಿಕ್ಕದು (ಒಣ ಮಣ್ಣು ಮೊದಲು ತಾನು ಕುಡಿಯುತ್ತದೆ), ಎರಡನೇ ತಿಂಗಳ ಹೊತ್ತಿಗೆ ಅತಿ ಹೆಚ್ಚು, ಆಮೇಲೆ ಇಳಿಕೆ.

ಒಂದು ಕಿರಿಕಿರಿ ಉಳಿದಿದೆ. ಈ ರೇಖೆ ಶಿಖರದ ಎರಡೂ ಬದಿಗೆ ಒಂದೇ ಓರೆಯಲ್ಲಿ ಇಳಿಯುತ್ತದೆ. ಬಾವಿಯ ನೀರು ಬೇಗ ಏರಿ ನಿಧಾನವಾಗಿ ಇಳಿಯುವಂಥದ್ದು. ಹಾಗಾಗಿ ಕೊನೆಯ ಗುಣಾಂಕ ಇನ್ನೂ ಸ್ವಲ್ಪ ಋಣಾತ್ಮಕವಾಗಿಯೇ ಇದೆ. ಮುಂದೆ a3*i^3 ಎಂಬ ಘನ ಪದವನ್ನೂ ಸೇರಿಸಿ ನೋಡುತ್ತೇನೆ.