ರಾತ್ರಿ ಅನ್ನದ ಚಿತ್ರಾನ್ನ ತಿಂದು ಎರಡೂವರೆ ಗಂಟೆಗೆ ವಾಂತಿ: ಅನುಭವ ಇದ್ದವರು ಹೇಳಿ

ಕೇಳಿದವರು, ಕೋಥ್ರೂಡ್, ಪುಣೆ

ಶುಕ್ರವಾರ ರಾತ್ರಿ 9ಕ್ಕೆ ಮಾಡಿದ ಅನ್ನ ಕುಕ್ಕರ್‌ನಲ್ಲೇ ಉಳಿಯಿತು. ಬೆಳಿಗ್ಗೆ ಒಗ್ಗರಣೆಗೆ ಹಾಕಿ ಚೆನ್ನಾಗಿ ಹುರಿದು ಚಿತ್ರಾನ್ನ ಮಾಡಿದೆ. 9ಕ್ಕೆ ಯಜಮಾನರು, ಮಗಳು ತಿಂದರು. ಹನ್ನೊಂದೂವರೆಗೆ ಇಬ್ಬರಿಗೂ ವಾಂತಿ. ಸಂಜೆಗೆ ಸರಿಹೋದರು. ಭಾನುವಾರ ಮಧ್ಯಾಹ್ನ ನಮ್ಮ ಅತ್ತೆಗೆ ಭೇದಿ ಶುರುವಾಗಿದೆ. ಅಷ್ಟು ಬಿಸಿ ಮಾಡಿದ ಮೇಲೂ ಅನ್ನದ್ದೇ ತಪ್ಪಾ?

ಪಿಂಪ್ರಿಯಿಂದ ಒಬ್ಬರು

ಅನ್ನ ಇರಲಾರದು ಅಕ್ಕ. ಎಣ್ಣೆಯಲ್ಲಿ ಹುರಿದರೆ ಯಾವ ಕ್ರಿಮಿ ಉಳಿಯುತ್ತೆ? ಹಿಂದಿನ ದಿನ ಹೊರಗೆ ಏನು ತಿಂದಿದ್ದರು ಕೇಳಿ. ನಮ್ಮ ಅಜ್ಜಿ ದಿನಾ ತಂಗಳನ್ನ ಉಣ್ಣುತ್ತಿದ್ದರು, ಒಂದು ದಿನವೂ ಹೀಗಾಗಲಿಲ್ಲ.

ಆಹಾರ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡಿದವರು, ಪುಣೆ

ಕ್ರಿಮಿ ಸಾಯುತ್ತೆ, ನಿಜ. ಆದರೆ ಇಲ್ಲಿ ತೊಂದರೆ ಕೊಟ್ಟದ್ದು ಕ್ರಿಮಿಯಲ್ಲ, ಅದು ರಾತ್ರಿಯೇ ಅನ್ನದಲ್ಲಿ ಬಿಟ್ಟ ವಿಷ ಅನಿಸುತ್ತದೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇದ್ದೇ ಇರುತ್ತವೆ. ಅನ್ನ ಬೇಯುವಾಗ ಅವು ಸಾಯುವುದಿಲ್ಲ. ಮುಚ್ಚಿದ ಕುಕ್ಕರ್‌ನಲ್ಲಿ ಅನ್ನ ನಿಧಾನವಾಗಿ ಆರುತ್ತೆ, ಗಂಟೆಗಟ್ಟಲೆ ಉಗುರುಬೆಚ್ಚಗೆ ಇರುತ್ತೆ. ಆಗ ಅವು ಮೊಳೆತು ಬೆಳೆದು ಸೆರುಲೈಡ್ ಅನ್ನೋ ವಿಷ ಬಿಡುತ್ತವೆ. ಈ ವಿಷ 121 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೂ ಕೆಡುವುದಿಲ್ಲ. ಒಗ್ಗರಣೆಯ ಬಿಸಿ ಅದಕ್ಕೆ ಏನೂ ಅಲ್ಲ. ನಿಂಬೆಹುಳಿಗೂ ಜಗ್ಗುವುದಿಲ್ಲ. ವಾಸನೆ, ರುಚಿಯಲ್ಲಿ ಗೊತ್ತಾಗುವುದೂ ಇಲ್ಲ.

ವಿಷ ತಯಾರಾಗಿಯೇ ಹೊಟ್ಟೆಗೆ ಹೋಗುವುದರಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಬರುತ್ತೆ, ಸಾಮಾನ್ಯವಾಗಿ ಒಂದು ದಿನದೊಳಗೆ ನಿಲ್ಲುತ್ತೆ. ನಿಮ್ಮ ಮನೆಯಲ್ಲಿ ಒಂದೇ ತಿಂಡಿ ತಿಂದ ಇಬ್ಬರಿಗೂ ಒಂದೇ ಹೊತ್ತಿಗೆ ಎರಡೂವರೆ ಗಂಟೆಯಲ್ಲಿ ಬಂದಿದೆ. ನನಗೆ ಅನ್ನದ ಮೇಲೇ ಅನುಮಾನ. ಆದರೆ ಸ್ಟ್ಯಾಫಿಲೊಕಾಕಸ್ ವಿಷವೂ ಇಷ್ಟೇ ಬೇಗ ಕೆಲಸ ಮಾಡುತ್ತೆ, ಅದೂ ಬಿಸಿಗೆ ಬಗ್ಗುವುದಿಲ್ಲ. ಅದು ಮುಖ್ಯವಾಗಿ ಕೈಯಿಂದ, ಮೂಗಿನಿಂದ ಅಡುಗೆಗೆ ಬರುವಂಥದ್ದು. ಮಿಕ್ಕ ಚಿತ್ರಾನ್ನವನ್ನು ಪರೀಕ್ಷೆ ಮಾಡದೆ ಎರಡರಲ್ಲಿ ಯಾವುದು ಅಂತ ಹೇಳಲಾಗದು. ಬೆರಳಿಗೆ ಗಾಯ ಏನಾದರೂ ಇತ್ತಾ?

ತಂಗಳನ್ನದ ಮಾತು ಬೇರೆ. ನೀರು, ಮಜ್ಜಿಗೆಯಲ್ಲಿ ನೆನೆಸಿಟ್ಟ ಅನ್ನ ಹುಳಿಯಾಗುತ್ತೆ, ಆ ಹುಳಿ ಇವುಗಳ ಬೆಳವಣಿಗೆಯನ್ನು ತಡೆಯುತ್ತೆ. ಕುಕ್ಕರ್‌ನಲ್ಲಿ ಒಣಗಿ ಕೂತ ಅನ್ನಕ್ಕೆ ಆ ರಕ್ಷಣೆ ಇಲ್ಲ.

ಹಿಂಜವಡಿಯಿಂದ ಒಬ್ಬರು

ನಮಗೆ ಆಗಿದ್ದು ಮಟನ್‌ನಲ್ಲಿ. ಆಫೀಸ್ ಪಾರ್ಟಿಗೆ ದೊಡ್ಡ ಹಂಡೆಯಲ್ಲಿ ಮಧ್ಯಾಹ್ನವೇ ಮಾಡಿಟ್ಟ ಸಾರು, ರಾತ್ರಿ 10ಕ್ಕೆ ಬಡಿಸಿದರು. ಉಗುರುಬೆಚ್ಚಗಿತ್ತು. ಮರುದಿನ ಬೆಳಿಗ್ಗೆ 10ರ ಹೊತ್ತಿಗೆ ಏಳೆಂಟು ಜನರಿಗೆ ಹೊಟ್ಟೆ ನುಲಿತ, ಭೇದಿ. ಯಾರಿಗೂ ವಾಂತಿ ಇಲ್ಲ, ಜ್ವರ ಇಲ್ಲ. ಇದೂ ಅದೇ ವಿಷವಾ?

ಲ್ಯಾಬ್‌ನವರು

ಬಹುಶಃ ಅಲ್ಲ. ದೊಡ್ಡ ಪಾತ್ರೆಯ ಮಾಂಸ, 12 ಗಂಟೆ, ನುಲಿತ, ವಾಂತಿ ಇಲ್ಲ ಅಂದರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ನೆನಪಿಗೆ ಬರುತ್ತೆ. ಇದು ಸಾರಿನಲ್ಲಿ ಬರೀ ಸಂಖ್ಯೆ ಬೆಳೆಸಿಕೊಳ್ಳುತ್ತೆ. ವಿಷ ಬಿಡುವುದು ನಮ್ಮ ಕರುಳಿಗೆ ಹೋದ ಮೇಲೆ. ಅದಕ್ಕೇ ತಡ. ಹಾಗಾಗಿ ಆ ಸಾರನ್ನು ಬಡಿಸುವ ಮುಂಚೆ ಕುದಿಸಿದ್ದರೆ ಬ್ಯಾಕ್ಟೀರಿಯಾ ಸತ್ತು ನೀವು ಪಾರಾಗುತ್ತಿದ್ದಿರಿ. ಕೋಥ್ರೂಡ್ ಚಿತ್ರಾನ್ನವನ್ನು ಎಷ್ಟು ಹುರಿದಿದ್ದರೂ ಪ್ರಯೋಜನ ಇರಲಿಲ್ಲ. ಅನ್ನವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಬೇಕಿತ್ತು.

ಅಕ್ಕ, ನಿಮ್ಮ ಅತ್ತೆ ಚಿತ್ರಾನ್ನ ತಿಂದಿದ್ದರಾ? ಜ್ವರ ಇದೆಯಾ?

ಕೇಳಿದವರು

ಬೆರಳಿಗೆ ಗಾಯ ಇರಲಿಲ್ಲ. ಅತ್ತೆ ಒಂದು ತುತ್ತೂ ತಿಂದಿಲ್ಲ, ಉಪ್ಪಿಟ್ಟು ತಿಂದಿದ್ದರು. ಶುಕ್ರವಾರ ಸಂಜೆ ಹೊರಗೆ ಕಬ್ಬಿನ ಹಾಲು ಕುಡಿದಿದ್ದರು. ಶನಿವಾರ ಮಗಳ ವಾಂತಿ ಒರೆಸಿದ್ದೂ ಅವರೇ. ಈಗ ಜ್ವರ 101 ಇದೆ.

ಲ್ಯಾಬ್‌ನವರು

ಹಾಗಾದರೆ ಅವರದ್ದು ಬೇರೆ ಕಥೆ. ಈ ಎರಡು ವಿಷಗಳಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಜ್ವರ ಇದೆ ಅಂದರೆ ಸೋಂಕೇ ಇರಬೇಕು. ಕಬ್ಬಿನ ಹಾಲಿನದ್ದಾ, ವಾಂತಿ ಒರೆಸಿದ್ದರಿಂದ ಬಂದ ವೈರಸ್ಸಾ, ಇಲ್ಲಿಂದ ಹೇಳಲು ಆಗದು. ವೈರಸ್ ಅಂದರೆ ಮಗಳದ್ದೂ ಚಿತ್ರಾನ್ನದ್ದಲ್ಲ ಅಂತಾಗುತ್ತೆ, ಅದನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ.

ಒಂದು ಓಆರ್‌ಎಸ್ ಪ್ಯಾಕೆಟ್‌ಗೆ ಎಷ್ಟು ನೀರು ಅಂತ ಅದರ ಮೇಲೇ ಬರೆದಿರುತ್ತೆ, ದೊಡ್ಡದಕ್ಕೆ ಒಂದು ಲೀಟರ್. ಗುಟುಕು ಗುಟುಕಾಗಿ ಕುಡಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಡಾಕ್ಟರ್ ಕೇಳದೆ ಕೊಡಬೇಡಿ, ಜ್ವರ ಇದ್ದಾಗಂತೂ ಬೇಡವೇ ಬೇಡ. ಕೊನೆಯ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ?

ಕೇಳಿದವರು

ಬೆಳಿಗ್ಗೆ 7ಕ್ಕೆ. ಈಗ ನಾಲ್ಕು ಗಂಟೆ. ಆಸ್ಪತ್ರೆಗೆ ಹೊರಟಿದ್ದೇವೆ.